ಯಾವ ಮೀನಿನಲ್ಲಿ ಪಾದರಸ ಜಾಸ್ತಿ, ವಾರವಾರ ತಿನ್ನಲು ಯಾವುದು ಸರಿ? ಮಲೆನಾಡಿನ ಮನೆಗೆ ಸಮಗ್ರ ಮಾರ್ಗದರ್ಶಿ

ಮೀನು ತಿನ್ನುವ ಮನೆಯಲ್ಲಿ ಹೆಣ್ಣುಮಗಳು ಬಸುರಿಯಾದ ಕೂಡಲೇ ಪಾದರಸದ ಮಾತು ಬರುತ್ತದೆ. ಯಾರೋ ಮೊಬೈಲಿನಲ್ಲಿ ಅಮೆರಿಕದ ಪಟ್ಟಿ ಹುಡುಕುತ್ತಾರೆ. ಅದರಲ್ಲಿ "ಕಿಂಗ್ ಮ್ಯಾಕೆರೆಲ್ ತಿನ್ನಬೇಡಿ" ಎಂದಿರುತ್ತದೆ. ಮ್ಯಾಕೆರೆಲ್ ಅಂದ್ರೆ ಬಂಗುಡೆ ಅಲ್ವಾ ಅಂತ ಅವತ್ತಿನಿಂದ ಮನೆಗೆ ಬಂಗುಡೆ ಬರುವುದು ನಿಲ್ಲುತ್ತದೆ. ಬಸುರಿಗೆ ಒಳ್ಳೇ ಮೀನೇ ಕೊಡೋಣ ಅಂತ ದುಡ್ಡು ಜಾಸ್ತಿ ಹಾಕಿ ಅಂಜಲ್ ತರುತ್ತಾರೆ.

ಕೆಲಸ ಪೂರ್ತಿ ತಲೆಕೆಳಗಾಯಿತು. ಪಟ್ಟಿ ಬೇಡ ಅಂದಿದ್ದು ಅಂಜಲ್‌ನ ಹತ್ತಿರದ ಸಂಬಂಧಿ ಮೀನನ್ನು. ನಮ್ಮ ಬಂಗುಡೆ ಬೇರೆಯೇ ಜಾತಿಯ ಸಣ್ಣ ಮೀನು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಇದೇ ತಪ್ಪು ಮತ್ತೆ ಮತ್ತೆ ಆಗುತ್ತಿದೆ. ಹಾಗಾಗಿ ವಿದೇಶದ ಪಟ್ಟಿಯನ್ನು ಪಕ್ಕಕ್ಕಿಟ್ಟು, ಘಟ್ಟ ಹತ್ತಿ ನಮ್ಮ ಊರಿಗೆ ಬರುವ ಮೀನಿನ ಮೇಲೆಯೇ ಹಂತ ಹಂತವಾಗಿ ಲೆಕ್ಕ ಹಾಕೋಣ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೀನಿನಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ತಿನ್ನುವವರಿಂದ ಶುರು ಮಾಡಬೇಕು.

## ಬೇಕಾದ ಸಾಮಾನು

ಅಡುಗೆಮನೆಯ ತಕ್ಕಡಿ ಒಂದು. ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯಾದರೆ ಸಾಕು. ಮೊಬೈಲಿನ ಕ್ಯಾಲ್ಕ್ಯುಲೇಟರ್. ಗೋಡೆಯ ಕ್ಯಾಲೆಂಡರ್, ಯಾವತ್ತು ಯಾವ ಮೀನು ತಂದಿರಿ ಅಂತ ಬರೆದಿಡಲು. ಮೀನಿನಲ್ಲಿ ಪಾದರಸ ಎಷ್ಟಿದೆ ಎಂದು ಮನೆಯಲ್ಲೇ ಅಳೆಯುವ ನಂಬಿಕೆಯ ಸಾಧನ ಯಾವುದೂ ಇಲ್ಲ, ಅದನ್ನು ಹುಡುಕಲು ಹೋಗಬೇಡಿ.

## ಹಂತ 1: ತಿನ್ನುವವರ ವಾರದ ಪಾಲು ತೆಗೆಯಿರಿ

ಮೀನಿನ ಮಾಂಸದಲ್ಲಿರುವುದು ಥರ್ಮಾಮೀಟರಿನಲ್ಲಿ ಕಾಣುವ ಪಾದರಸವಲ್ಲ. ಅದರ ಇನ್ನೊಂದು ರೂಪ, ಮೀಥೈಲ್ ಪಾದರಸ. ನೀರಿನ ತಳದ ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಇದನ್ನು ಮಾಡುತ್ತವೆ. ಹೊಟ್ಟೆಗೆ ಹೋದದ್ದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ರಕ್ತಕ್ಕೆ ಸೇರುತ್ತದೆ. ಮಿದುಳಿಗೂ ಹೋಗುತ್ತದೆ, ಬಸುರಿಯ ಮಾಸು ದಾಟಿ ಕೂಸಿಗೂ ಹೋಗುತ್ತದೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ತಾಯಿಯ ರಕ್ತಕ್ಕಿಂತ ಇದು ಜಾಸ್ತಿಯೇ ಇರುತ್ತದೆ. ಹಾಗಾಗಿ ಬಿಗಿ ಲೆಕ್ಕ ಬೇಕಾದ್ದು ಬಸುರಿಗೆ, ಮಗು ಬೇಕು ಅಂತಿರುವವಳಿಗೆ, ಹಾಲೂಡಿಸುವ ಬಾಣಂತಿಗೆ ಮತ್ತು ಸಣ್ಣ ಮಕ್ಕಳಿಗೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಟ್ಟಿರುವ ಮಿತಿ ಹೀಗಿದೆ: ದೇಹದ ತೂಕದ ಒಂದೊಂದು ಕೆಜಿಗೆ ದಿನಕ್ಕೆ 0.1 ಮೈಕ್ರೋಗ್ರಾಂ. ವಾರಕ್ಕೆ ಅದು 0.7 ಆಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ಸೇರಿ ಮಾಡಿದ ತಜ್ಞರ ಸಮಿತಿ 2003ರಲ್ಲಿ ವಾರಕ್ಕೆ 1.6 ಅಂದಿದೆ. ಎರಡರಲ್ಲಿ ಬಿಗಿಯಾದದ್ದನ್ನೇ ಹಿಡಿಯೋಣ. ನಮ್ಮ ಸೂತ್ರ ಇಷ್ಟೇ:

```
ವಾರದ ಪಾಲು (ಮೈಕ್ರೋಗ್ರಾಂ) = ದೇಹದ ತೂಕ (ಕೆಜಿ) × 0.7
```

ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬಸುರಿ ಸೊಸೆ 55 ಕೆಜಿ. ಅವಳ ಪಾಲು 38.5. ಗಂಡ 70 ಕೆಜಿ, ಅವನದು 49. ಐದು ವರ್ಷದ ಮಗ 18 ಕೆಜಿ, ಅವನದು ಬರೀ 12.6. ಈ ಮೂರು ಅಂಕಿಯನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದುಕೊಳ್ಳಿ. ಮುಂದೆ ಬೇಕಾಗುತ್ತವೆ.

ಇಲ್ಲಿ ಆಗುವ ತಪ್ಪು: "ಬಸುರಿ ಎಂದು ಗೊತ್ತಾದ ಮೇಲೆ ನೋಡಿಕೊಂಡರಾಯಿತು" ಎನ್ನುವುದು. ಮೀಥೈಲ್ ಪಾದರಸ ಮೈಯಿಂದ ಅರ್ಧ ಇಳಿಯಲು ಸುಮಾರು 50 ದಿನ ಬೇಕು. ಉಳಿದ ಅರ್ಧದಲ್ಲಿ ಅರ್ಧ ಇಳಿಯಲು ಮತ್ತೆ 50 ದಿನ. ಬಸಿರು ನಿಂತಿದ್ದು ಗೊತ್ತಾಗುವಷ್ಟರಲ್ಲಿ ಒಂದೂವರೆ ತಿಂಗಳು ಕಳೆದಿರುತ್ತದೆ. ಮಗು ಬೇಕು ಅಂತ ತೀರ್ಮಾನಿಸಿದವರು ಐದಾರು ತಿಂಗಳು ಮುಂಚೆಯೇ ದೊಡ್ಡ ಮೀನು ಬಿಡುವುದು ಲೇಸು.

## ಹಂತ 2: ತುಂಡಿನ ರೇಟಿಗಿಂತ ಮುಂಚೆ ಇಡೀ ಮೀನಿನ ತೂಕ ಕೇಳಿ

ಸಣ್ಣ ಮೀನನ್ನು ನಡುವಿನ ಮೀನು ತಿನ್ನುತ್ತದೆ, ನಡುವಿನದನ್ನು ದೊಡ್ಡದು ತಿನ್ನುತ್ತದೆ. ತಿಂದ ಮೀನಿನ ಮಾಂಸ ಕರಗಿದರೂ ಅದರ ಪಾದರಸ ಉಳಿದುಕೊಳ್ಳುತ್ತದೆ. ಒಂದೊಂದು ಮೆಟ್ಟಿಲು ಮೇಲೆ ಹೋದಂತೆ ಕೂಡಿಕೊಳ್ಳುತ್ತಾ ಹೋಗುತ್ತದೆ. ಜೊತೆಗೆ ವಯಸ್ಸೂ ಸೇರುತ್ತದೆ. ಬೂತಾಯಿ ಬದುಕುವುದೇ ಎರಡು ಮೂರು ವರ್ಷ, ತಿನ್ನುವುದು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು. ಶಾರ್ಕು ಹತ್ತಾರು ವರ್ಷ ಬದುಕುತ್ತದೆ, ತಿನ್ನುವುದು ಮೀನನ್ನೇ.

ಆದ್ದರಿಂದ ಮೀನು ಮಾರುವವರ ಹತ್ತಿರ ಕೇಳಬೇಕಾದ್ದು ಎರಡೇ ಪ್ರಶ್ನೆ. ಇದು ಯಾವ ಮೀನು? ಇಡೀ ಮೀನು ಎಷ್ಟು ತೂಗುತ್ತಿತ್ತು?

"ಅಣ್ಣಾ, ಈ ಅಂಜಲ್ ಇಡೀದು ಎಷ್ಟು ಕೆಜಿ ಇತ್ತು?"

"ಆರು ಕೆಜಿ ಮೇಲಿತ್ತು ಅಕ್ಕಾ, ನೋಡಿ ಪೀಸು ಹೆಂಗಿದೆ!"

ಪೀಸು ಅಂಗೈಗಿಂತ ಅಗಲ ಇದೆ ಅಂತ ಅವರು ಹೆಮ್ಮೆಯಿಂದ ತೋರಿಸುತ್ತಾರೆ. ರುಚಿಗೆ ಅದು ಹೌದು. ಪಾದರಸದ ಲೆಕ್ಕಕ್ಕೆ ಅದೇ ಎಚ್ಚರಿಕೆಯ ಗುರುತು. ಒಂದೇ ಜಾತಿಯೊಳಗೂ ದೊಡ್ಡ ಮೀನಿನಲ್ಲಿ ಪಾದರಸ ಜಾಸ್ತಿ. ಅಂಜಲ್ ತಿನ್ನಲೇಬೇಕು ಅನ್ನಿಸಿದರೆ ಕೆಜಿ, ಒಂದೂವರೆ ಕೆಜಿಯ ಇಡೀ ಮೀನು ಆರಿಸಿ ಎದುರಿಗೇ ಕಡಿಸಿಕೊಳ್ಳಿ.

ಹೆಸರಿನ ವಿಷಯದಲ್ಲಿ ಸ್ವಲ್ಪ ಹುಷಾರಾಗಿರಿ. ಮಂಗಳೂರು, ಮಲ್ಪೆ, ಗಂಗೊಳ್ಳಿಯಿಂದ ಬಂದದ್ದಾದರೆ ಅಂಜಲ್ ಎನ್ನುತ್ತಾರೆ, ಹೊನ್ನಾವರ, ಭಟ್ಕಳ ಕಡೆಯದಾದರೆ ಇಸ್ವಾಣ ಎನ್ನುತ್ತಾರೆ, ಹೋಟೆಲಿನ ಮೆನುವಿನಲ್ಲಿ ಕಿಂಗ್ ಫಿಶ್ ಎಂದಿರುತ್ತದೆ. ಮೂರೂ ಒಂದೇ. ಬೂತಾಯಿ, ಬೈಗೆ, ತಾರ್ಲೆ ಅಂದರೂ ಒಂದೇ ಮೀನು. ತಾಟೆ, ಮೋರಿ ಅಂದರೆ ಶಾರ್ಕು. ಕೇದರ ಅಂದರೆ ಟ್ಯೂನಾ. ಮುರು ಮೀನು ಅಂದರೆ ಬಂಡೆಗಳ ನಡುವೆ ಇರುವ ದಪ್ಪ ಬಾಯಿಯ ಬೇಟೆಗಾರ ಮೀನು. ಹೆಸರು ಹೇಳದೆ ಸುಮ್ನೆ "ಸಮುದ್ರದ ಮೀನು, ಮುಳ್ಳಿಲ್ಲ, ಮಕ್ಕಳಿಗೆ ಒಳ್ಳೇದು" ಅಂತ ಬಿಳೀ ತುಂಡು ಕೊಟ್ಟರೆ ತರಬೇಡಿ. ಮುಳ್ಳಿಲ್ಲದ ದೊಡ್ಡ ತುಂಡು ಬರುವುದು ದೊಡ್ಡ ಮೀನಿನಿಂದಲೇ. ಸಾಕಿದ ಬಾಸಾ ಮೀನಾದರೆ ಪಾದರಸ ಕಡಿಮೆ, ಶಾರ್ಕಾದರೆ ಅತಿ ಜಾಸ್ತಿ. ತುಂಡು ನೋಡಿ ಎರಡನ್ನೂ ಬೇರೆ ಮಾಡುವುದು ಎಲ್ಲರಿಗೂ ಆಗುವ ಕೆಲಸವಲ್ಲ.

## ಹಂತ 3: ಮೀನನ್ನು ಮೂರು ಗುಂಪಿಗೆ ಹಾಕಿ

ಕೆಳಗಿನ ಅಂಕಿಗಳು ಒಂದು ಕೆಜಿ ಮಾಂಸದಲ್ಲಿ ಎಷ್ಟು ಮಿಲಿಗ್ರಾಂ ಪಾದರಸ ಎಂದು ಹೇಳುತ್ತವೆ. ಇವು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಪರೀಕ್ಷಿಸಿದ ಮೀನುಗಳ ಸರಾಸರಿ. ನಮ್ಮ ಕಡಲಿನ ಅದೇ ಬಗೆಯ ಮೀನಿಗೆ ಇವನ್ನು ಅಂದಾಜಾಗಿ ಬಳಸಬಹುದು. ಮೀನು ಮೀನಿಗೆ ಹೆಚ್ಚುಕಮ್ಮಿ ಇದ್ದೇ ಇರುತ್ತದೆ, ಆದರೆ ಗುಂಪು ಅದಲುಬದಲಾಗುವುದು ಕಡಿಮೆ.

ಮೊದಲ ಗುಂಪು, ವಾರವಾರ ತಿನ್ನಬಹುದಾದ್ದು. ಬೂತಾಯಿ 0.013. ಕೊಲ್ಲತರು, ಬೊಳೆಂಜಿರ್ ತರದ ಬೆರಳುದ್ದದ ಮೀನು 0.016ರ ಆಸುಪಾಸು. ಸಿಗಡಿ 0.009. ಬೊಂಡಾಸ್ 0.024. ಏಡಿ 0.065. ಬಂಗುಡೆಗೆ ಹತ್ತಿರದ ಜಾತಿಗಳಲ್ಲಿ 0.05ರಿಂದ 0.09. ಕೆರೆಯ ಜಿಲೇಬಿ 0.013. ಕಾಣೆ, ನಂಗು, ಮಾಂಜಿ ಕೂಡ ಇದೇ ಗುಂಪಿಗೆ ಸೇರಿಸಬಹುದು. ಇವು ತುಂಬಾ ದೊಡ್ಡದಾಗದ, ದೊಡ್ಡ ಮೀನಿನ ಬೇಟೆಗೆ ಹೋಗದ ಜಾತಿಗಳು. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಮೀನೇ ಈ ಲೆಕ್ಕದಲ್ಲಿ ಮೇಲೆ ಬರುತ್ತದೆ. ಕೆಜಿಗೆ ಸಾವಿರದ ಮೇಲೆ ಕೊಟ್ಟು ಅಂಜಲ್ ತರುವವರಿಗೆ ಇದು ನುಂಗಲು ಕಷ್ಟ, ಆದರೂ ನಿಜ.

ಎರಡನೆಯ ಗುಂಪು, ಅಪರೂಪಕ್ಕೆ. ಅಂಜಲ್ ಜಾತಿಗೆ ಸೇರಿದ ಸ್ಪ್ಯಾನಿಷ್ ಮ್ಯಾಕೆರೆಲ್‌ನಲ್ಲಿ ಸಿಕ್ಕಿದ ಸರಾಸರಿ ಒಂದು ಕಡಲಿನಲ್ಲಿ 0.18, ಇನ್ನೊಂದರಲ್ಲಿ 0.45. ಮುರು ಮೀನಿನ ಬಳಗಕ್ಕೆ 0.45. ಹಳದಿ ರೆಕ್ಕೆಯ ಟ್ಯೂನಾಕ್ಕೆ 0.35. ತೊರಕೆ ಶಾರ್ಕಿನ ದಾಯಾದಿಯಾದರೂ ಅದರಷ್ಟಿಲ್ಲ, 0.14ರಷ್ಟು. ಸೂಪರ್ ಮಾರ್ಕೆಟ್ಟಿನ ಡಬ್ಬಿ ಟ್ಯೂನಾದಲ್ಲಿ 'ಲೈಟ್' ಎಂದಿದ್ದರೆ 0.13, 'ಆಲ್ಬಕೋರ್' ಎಂದಿದ್ದರೆ 0.35.

ಮೂರನೆಯ ಗುಂಪು, ಬಸುರಿ, ಬಾಣಂತಿ, ಮಕ್ಕಳಿಗೆ ಬೇಡವೇ ಬೇಡ. ಶಾರ್ಕು 0.98. ಕತ್ತಿಯ ಹಾಗೆ ಮೂತಿ ಇರುವ ಸ್ವೋರ್ಡ್‌ಫಿಶ್ 1.0ರ ಹತ್ತಿರ, ಮಾರ್ಲಿನ್ 0.49. ದೊಡ್ಡ ಕಣ್ಣಿನ ಟ್ಯೂನಾ 0.69. ಅಮೆರಿಕದ ಕಿಂಗ್ ಮ್ಯಾಕೆರೆಲ್ 0.73. ಐದಾರು ಕೆಜಿ ಮೀರಿದ ಅಂಜಲನ್ನೂ ಬಸುರಿಯ ಮಟ್ಟಿಗೆ ನಾನು ಇಲ್ಲಿಗೇ ಸೇರಿಸುತ್ತೇನೆ. ಸ್ವಲ್ಪ ಅತಿಯಾಯಿತು ಅನ್ನಬಹುದು. ಒಂಬತ್ತು ತಿಂಗಳ ಮಾತು ಅಷ್ಟೇ.

ಶಾರ್ಕಿನ ಬಗ್ಗೆ ಇನ್ನೂ ನಾಲ್ಕು ಮಾತು ಹೇಳಬೇಕು. ಹಾಲು ಜಾಸ್ತಿಯಾಗಲಿ ಅಂತ ಬಾಣಂತಿಗೆ ಶಾರ್ಕಿನ ಮರಿ ಬೇಯಿಸಿ ಕೊಡುವ ರೂಢಿ ಕರಾವಳಿಯಲ್ಲಿದೆ. ಅಲ್ಲಿಂದ ಹೆಣ್ಣು ತಂದ ಮನೆಗಳ ಮೂಲಕ ಘಟ್ಟದ ಮೇಲೂ ಬಂದಿದೆ. ಮರಿಯಲ್ಲಿ ದೊಡ್ಡದರಷ್ಟು ಪಾದರಸ ಇರುವುದಿಲ್ಲ ಎನ್ನುವುದು ಸರಿ. ಆದರೆ ಶಾರ್ಕಿನ ಮರಿ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಪಾಲು ಪಡೆದಿರುತ್ತದೆ. ಕಡಿದು ತಂದ ತುಂಡು ಮರಿಯದೋ ದೊಡ್ಡದರದೋ ಅಂತ ಯಾರಿಗೆ ಗೊತ್ತು? ಅತ್ತೆ ಪ್ರೀತಿಯಿಂದ ಮಾಡಿಕೊಟ್ಟದ್ದನ್ನು ಬೇಡ ಅನ್ನುವುದು ಕಷ್ಟ. ಮೊದಲೇ ಹೇಳಿಬಿಡಿ: "ಅತ್ತೆ, ನಂಗೆ ಬೂತಾಯಿ ಪುಳಿಮುಂಚಿ ಮಾಡಿಕೊಡಿ, ತಾಟೆ ಬೇಡ." ಮಗುವಿನ ಮಿದುಳಿಗೆ ಬೇಕಾದ ಒಮೆಗಾ-3 ಬೂತಾಯಿಯಲ್ಲೇ ಧಾರಾಳವಾಗಿದೆ.

## ಹಂತ 4: ತೂಕ ಮಾಡಿ, ಗುಣಿಸಿ

ಈಗ ಮೊದಲ ಹಂತದ ಅಂಕಿ ಹೊರಗೆ ತೆಗೆಯಿರಿ. ಸೂತ್ರ ಇದು:

```
ಹೊಟ್ಟೆಗೆ ಹೋದದ್ದು (ಮೈಕ್ರೋಗ್ರಾಂ) = ಮಾಂಸದ ತೂಕ (ಗ್ರಾಂ) × ಮೀನಿನ ಅಂಕಿ
```

ತೂಕ ಮಾಡುವಾಗ ತಲೆ, ಕರುಳು, ನಡುಮುಳ್ಳು ಬಿಟ್ಟು ಹಸಿ ಮಾಂಸವನ್ನೇ ತೂಗಿ. ಬೇಯಿಸಿದ ಮೇಲೆ ತೂಗಿದರೆ ನೀರು ಹೋಗಿ ತೂಕ ಇಳಿದಿರುತ್ತದೆ, ಪಾದರಸ ಇಳಿದಿರುವುದಿಲ್ಲ. ಕೆಜಿಗೆ ಏಳೆಂಟು ಬರುವ ಬಂಗುಡೆಯಾದರೆ ಒಂದರಲ್ಲಿ ತಿನ್ನುವ ಮಾಂಸ 80 ಗ್ರಾಂ ಸುತ್ತಮುತ್ತ ಅಂತ ಇಟ್ಟುಕೊಳ್ಳಿ. ಒಂದೆರಡು ಸಾರಿ ತೂಗಿದರೆ ಆಮೇಲೆ ಕಣ್ಣಂದಾಜೇ ಸಾಕಾಗುತ್ತದೆ.

ನಮ್ಮ ಉದಾಹರಣೆಯ ಮನೆಗೆ ಭಾನುವಾರ ಅಂಜಲ್ ಬಂತು. ಅಂಕಿ ನಡುವಿನದು, 0.3 ಅಂತ ಹಿಡಿಯೋಣ. ಸೊಸೆ 120 ಗ್ರಾಂ ತಿಂದಳು: 120 × 0.3 = 36. ಅವಳ ವಾರದ ಪಾಲು 38.5. ಒಂದೇ ಊಟಕ್ಕೆ ವಾರದ ಪಾಲು ಮುಗಿದ ಹಾಗೆ. ಗಂಡ 180 ಗ್ರಾಂ ತಿಂದ: 54. ಅವನ ಪಾಲು 49. ಸ್ವಲ್ಪ ದಾಟಿತು, ಆದರೆ ದೊಡ್ಡವನು, ಮುಂದಿನ ವಾರ ಅಂಜಲ್ ಬಿಟ್ಟರೆ ಸರಿಹೋಗುತ್ತದೆ. ಮಗ ತಿಂದದ್ದು ಬರೀ 60 ಗ್ರಾಂ, ಒಂದು ಸಣ್ಣ ತುಂಡು: 18. ಅವನ ಪಾಲು 12.6. ಎಲ್ಲರಿಗಿಂತ ಕಡಿಮೆ ತಿಂದವನೇ ಎಲ್ಲರಿಗಿಂತ ಜಾಸ್ತಿ ಮಿತಿ ದಾಟಿದ. ಒಂದೇ ಪಾತ್ರೆಯ ಸಾರು ಎಲ್ಲರಿಗೂ ಒಂದೇ ಲೆಕ್ಕವಲ್ಲ. ಈ ಹಂತವನ್ನು ಬಿಡಬೇಡಿ ಎಂದು ಹೇಳುವುದು ಇದಕ್ಕೇ.

ಅದೇ ಭಾನುವಾರ ಬಂಗುಡೆ ಬಂದಿದ್ದರೆ? ಜಾಸ್ತಿ ಕಡೆಯ ಅಂಕಿ 0.09 ಹಿಡಿದರೂ ಸೊಸೆಗೆ 10.8, ಮಗನಿಗೆ 5.4. ವಾರಕ್ಕೆ ಎರಡು ಸಾರಿ ತಿಂದರೂ ಇಬ್ಬರೂ ಮಿತಿಯೊಳಗೇ ಇರುತ್ತಾರೆ. ಬೂತಾಯಿಯಾದರೆ ಸೊಸೆಗೆ ಒಂದೂವರೆ, ಮಗನಿಗೆ ಒಂದಕ್ಕಿಂತ ಕಡಿಮೆ. ಲೆಕ್ಕ ಇಡುವ ಅಗತ್ಯವೇ ಇಲ್ಲ ಅನ್ನಿ.

ಶಾರ್ಕು? 120 ಗ್ರಾಂ ತಿಂದರೆ ಸೊಸೆಗೆ 118. ಮೂರು ವಾರದ ಪಾಲು ಒಂದೇ ಊಟದಲ್ಲಿ ಮುಗಿಯಿತು.

ಬಸುರಿಗೆ ಮೊದಲ ಗುಂಪಿನ ಮೀನು ವಾರಕ್ಕೆ ಎರಡು ಮೂರು ಸಾರಿ, ಒಂದು ಸಾರಿಗೆ 110 ಗ್ರಾಂ ಸುಮಾರು ಕೊಡಿ ಎನ್ನುತ್ತದೆ ಅಮೆರಿಕದ ಸಲಹೆ. ಮಕ್ಕಳಿಗೆ ವಾರಕ್ಕೆ ಎರಡು ಸಾರಿ. ಒಂದು ಸಾರಿಗೆ ಒಂದರಿಂದ ಮೂರು ವರ್ಷದವರಿಗೆ 30 ಗ್ರಾಂ, ನಾಲ್ಕರಿಂದ ಏಳರವರಿಗೆ 60 ಗ್ರಾಂಗೆ ಸ್ವಲ್ಪ ಕಡಿಮೆ, ಎಂಟರಿಂದ ಹತ್ತರವರಿಗೆ 85 ಗ್ರಾಂ. ಮೇಲಿನ ಲೆಕ್ಕಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಹೆದರಿ ಮೀನನ್ನೇ ಪೂರ್ತಿ ಬಿಡುವುದು ಇನ್ನೊಂದು ತಪ್ಪು. ಆ ಮನೆಯಲ್ಲಿ ಕೂಸಿಗೆ ಹೋಗಬೇಕಾದ ಒಳ್ಳೆಯ ಕೊಬ್ಬೂ ನಿಂತುಹೋಗುತ್ತದೆ.

## ಹಂತ 5: ಮಳೆಗಾಲಕ್ಕೆ ಒಣಮೀನಿನ ಲೆಕ್ಕ ಬೇರೆ ಮಾಡಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹಸಿ ಮೀನು ಕಡಿಮೆಯಾಗಿ ಮಲೆನಾಡಿನ ಮನೆಗಳಲ್ಲಿ ಒಣಮೀನಿನ ಡಬ್ಬಿ ತೆರೆಯುವುದು ಆಗಲೇ. ಧೋ ಅಂತ ಮಳೆ ಸುರಿಯುವಾಗ ಕೆಂಡದಲ್ಲಿ ಸುಟ್ಟ ಒಣಮೀನು, ಬಿಸಿ ಗಂಜಿ ಯಾರಿಗೆ ಬೇಡ?

ಒಣಗಿಸಿದಾಗ ನೀರು ಮಾತ್ರ ಹೋಗುತ್ತದೆ. 100 ಗ್ರಾಂ ಒಣಮೀನು ಅಂದರೆ 250ರಿಂದ 300 ಗ್ರಾಂ ಹಸಿ ಮೀನು ಎಂದು ತಿಳಿಯಿರಿ. ಹಾಗಾಗಿ ತೂಗಿದ ಮೇಲೆ ಮೀನಿನ ಅಂಕಿಯನ್ನು ಮೂರರಿಂದ ಗುಣಿಸಿ. ಒಣ ಸಿಗಡಿ ಚಟ್ನಿಗೆ 30 ಗ್ರಾಂ ಹಾಕಿದರೆ 30 × 0.009 × 3, ಒಂದು ಮೈಕ್ರೋಗ್ರಾಂ ಕೂಡ ಆಗುವುದಿಲ್ಲ. ನಿಶ್ಚಿಂತೆಯಿಂದ ತಿನ್ನಿ. ಅದೇ 30 ಗ್ರಾಂ ಒಣ ಶಾರ್ಕಾದರೆ 88. ಬಸುರಿಗೆ ಅದು ಎರಡು ವಾರದ ಪಾಲಿಗಿಂತ ಜಾಸ್ತಿ.

ಎಚ್ಚರಿಕೆಯ ಗುರುತು: ಸಂತೆಯಲ್ಲಿ ಒಣ ಶಾರ್ಕು ಇಡಿಯಾಗಿ ಇರುವುದಿಲ್ಲ. ಅಗಲವಾದ, ನಾರು ನಾರಾದ, ಉಪ್ಪು ಹಿಡಿದ ಪಟ್ಟಿಗಳಾಗಿರುತ್ತದೆ. ಪಟ್ಟಿ ಯಾವ ಮೀನಿನದು ಅಂತ ಮಾರುವವರಿಗೂ ಗೊತ್ತಿಲ್ಲದಿದ್ದರೆ ಅದನ್ನು ಬಿಟ್ಟು ತಲೆ ಬಾಲ ಎರಡೂ ಕಾಣುವ ಒಣಮೀನು ತನ್ನಿ. ಒಣ ಕೊಲ್ಲತರು, ಒಣ ಬಂಗುಡೆ, ಒಣ ನಂಗು ಇಡಿಯಾಗಿಯೇ ಸಿಗುತ್ತವೆ. ಉಪ್ಪಿನ ವಿಷಯ ಬೇರೆ. ಬಿಪಿ ಇರುವ ಬಸುರಿಗೆ ಒಣಮೀನು ಬೇಡ.

## ಹಂತ 6: ಕೆರೆ, ಹೊಳೆ, ಹಿನ್ನೀರಿನ ಮೀನಿಗೆ ಅದರ ಊಟ ನೋಡಿ

ಕೆರೆಯಲ್ಲಿ ಸಾಕಿದ ಕಾಟ್ಲಾ, ರೋಹು, ಮೃಗಾಲ್ ಸಸ್ಯ, ಸೂಕ್ಷ್ಮಜೀವಿ, ತಳದ ಕೊಳೆತ ಎಲೆಗಳನ್ನು ತಿಂದು ಬೆಳೆಯುತ್ತವೆ. ಮಳೆಗಾಲದಲ್ಲಿ ಮರಿ ಬಿಟ್ಟರೆ ಬೇಸಿಗೆಗೆ ಹಿಡಿಯುತ್ತಾರೆ. ಪಾದರಸ ಕೂಡಿಕೊಳ್ಳಲು ಅವಕ್ಕೆ ವಯಸ್ಸೇ ಸಿಗುವುದಿಲ್ಲ. ಇವು ಮೊದಲ ಗುಂಪು. ಮಳೆ ಹಿಡಿದ ಶುರುವಿಗೆ ಹೊಸ ನೀರಿಗೆ ಗದ್ದೆ, ಹಳ್ಳಕ್ಕೆ ಹತ್ತಿ ಬರುವ ಮೀನಿನಲ್ಲಿ ಸಣ್ಣವೂ ಹಾಗೆಯೇ.

ಲಿಂಗನಮಕ್ಕಿ, ಭದ್ರಾ, ಗಾಜನೂರಿನ ಹಿನ್ನೀರಿನಲ್ಲಿ ಸಿಗುವ ದೊಡ್ಡ ಬಾಳೆ ಮೀನು, ಕೊರವ ಬೇರೆ ಮಾತು. ಇವು ಮೀನು ತಿಂದು ಬೆಳೆಯುವ ಮೀನುಗಳು. ಬಾಳೆ ಮೀನು ಒಂದು ಮೀಟರಿಗೂ ಮೀರಿ ಬೆಳೆಯುತ್ತದೆ. ಕಾಡು, ಗದ್ದೆ ಮುಳುಗಿ ಆದ ಜಲಾಶಯದ ತಳದಲ್ಲಿ ಎಲೆ, ಬೇರು ಕೊಳೆತು ಆಮ್ಲಜನಕ ಕಡಿಮೆಯಾಗುತ್ತದೆ. ಪಾದರಸದ ರೂಪ ಬದಲಿಸುವ ಬ್ಯಾಕ್ಟೀರಿಯಾಗಳಿಗೆ ಬೇಕಾದ್ದು ಅಂಥ ಜಾಗವೇ. ಮುಳುಗಡೆಯಾದ ಮೊದಲ ಹತ್ತಿಪ್ಪತ್ತು ವರ್ಷ ಇದು ಜೋರಾಗಿರುತ್ತದೆ, ಆಮೇಲೆ ಇಳಿಯುತ್ತದೆ ಎಂದು ಬೇರೆ ದೇಶದ ಜಲಾಶಯಗಳಲ್ಲಿ ಕಂಡಿದ್ದಾರೆ. ಲಿಂಗನಮಕ್ಕಿ ತುಂಬಿದ್ದು 1960ರ ದಶಕದಲ್ಲಿ. ಹಾಗಾಗಿ ಹೆದರಬೇಕಾಗಿಲ್ಲ, ಆದರೆ ನಿಯಮ ಒಂದೇ ಇರಲಿ: ಎರಡು ಕೆಜಿ ಮೀರಿದ ಬೇಟೆಗಾರ ಮೀನನ್ನು, ಕಡಲಿನದಾಗಲಿ ಹೊಳೆಯದಾಗಲಿ, ಮೂರನೆಯ ಗುಂಪಿನದಲ್ಲದಿದ್ದರೆ ಎರಡನೆಯ ಗುಂಪಿಗೆ ಹಾಕಿ. "ನಮ್ಮ ಹೊಳೆ ಮೀನು ಶುದ್ಧ" ಎನ್ನುವುದು ಅಭಿಮಾನದ ಮಾತು, ಅದರಿಂದ ಲೆಕ್ಕ ಬದಲಾಗುವುದಿಲ್ಲ.

## ಹಂತ 7: ಅಡುಗೆಮನೆಯಲ್ಲಿ ಪಾದರಸ ತೆಗೆಯಲು ಹೋಗಬೇಡಿ

ಜನ ಅತಿ ಜಾಸ್ತಿ ಸಮಯ ಹಾಳುಮಾಡುವುದು ಇಲ್ಲಿ. ಅರಿಶಿನ, ಉಪ್ಪು ಹಚ್ಚಿ ತೊಳೆಯುವುದು, ವಾಟೆಹುಳಿ ನೀರಿನಲ್ಲಿ ನೆನೆಸುವುದು, ಚರ್ಮ ಸುಲಿಯುವುದು, ಕೊಬ್ಬು ಕೆತ್ತಿ ತೆಗೆಯುವುದು, ಮೊದಲ ಬೇಯಿಸಿದ ನೀರು ಚೆಲ್ಲುವುದು. ವಾಸನೆಗೆ, ರುಚಿಗೆ ಇವೆಲ್ಲ ಸರಿ. ಪಾದರಸಕ್ಕೆ ಪ್ರಯೋಜನವಿಲ್ಲ. ಅದು ಕೊಬ್ಬಿನಲ್ಲಾಗಲಿ ಚರ್ಮದಲ್ಲಾಗಲಿ ಕೂತಿಲ್ಲ, ಮಾಂಸದ ಪ್ರೋಟೀನಿಗೇ ಅಂಟಿಕೊಂಡಿದೆ. ಹುರಿದರೂ ಸುಟ್ಟರೂ ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ಮೀನೆಣ್ಣೆಯ ಮಾತ್ರೆಯಲ್ಲಿ ಪಾದರಸ ತುಂಬಾ ಕಡಿಮೆ ಇರುವುದಕ್ಕೂ ಕಾರಣ ಇದೇ, ಎಣ್ಣೆ ಬಂತು, ಪ್ರೋಟೀನು ಹಿಂದೆ ಉಳಿಯಿತು.

ತಾಜಾತನವೂ ಗುರುತಲ್ಲ. ಕಿವಿರು ಕೆಂಪಗಿದೆ, ಕಣ್ಣು ಹೊಳೆಯುತ್ತಿದೆ, ಒತ್ತಿದರೆ ಗುಂಡಿ ಬೀಳುವುದಿಲ್ಲ. ಮೀನು ಹಳಸಿಲ್ಲ ಅಂತ ಮಾತ್ರ ಅದರಿಂದ ಗೊತ್ತಾಗುತ್ತದೆ. ಇವತ್ತು ಬೆಳಗ್ಗೆ ಹಿಡಿದ ಶಾರ್ಕಿನಲ್ಲೂ ಪಾದರಸ ಅಷ್ಟೇ ಇರುತ್ತದೆ.

## ಹಂತ 8: ಯಾವ ತೊಂದರೆ ಪಾದರಸದ್ದು, ಯಾವುದು ಅಲ್ಲ

ಬಂಗುಡೆ ತಿಂದ ಅರ್ಧ ಗಂಟೆಗೆ ಮುಖ ಕೆಂಪಾಗಿ ಮೈ ತುರಿಸಿದರೆ, ತಲೆ ಸಿಡಿದರೆ, ಅದು ಪಾದರಸವಲ್ಲ. ಬಂಗುಡೆ, ಬೂತಾಯಿ, ಕೇದರದ ಮಾಂಸ ಐಸ್ ಇಲ್ಲದೆ ಬೆಚ್ಚಗಾದಾಗ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಕುದಿಸಿದರೂ ಅದು ಹೋಗುವುದಿಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬಂದು, ಆಮೇಲೆ ಬೈಕಿನ ಪೆಟ್ಟಿಗೆಯಲ್ಲಿ ಹಳ್ಳಿ ಹಳ್ಳಿ ಸುತ್ತುವ ಮೀನಿಗೆ ಈ ಅಪಾಯ ನಿಜವಾಗಿಯೂ ಇದೆ. ಮಧ್ಯಾಹ್ನದ ಮೇಲೆ ಬಂದ, ಪೆಟ್ಟಿಗೆಯಲ್ಲಿ ಐಸ್ ಕಾಣದ ಬಂಗುಡೆ ಬೇಡ. ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಪಾದರಸ ಒಂದೇ ಊಟಕ್ಕೆ ಹೀಗೆ ಕಾಣಿಸಿಕೊಳ್ಳುವುದಿಲ್ಲ. ಜಾಸ್ತಿ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಸೇರಿದ ಮೇಲೆ ಬೆರಳ ತುದಿ, ತುಟಿಯ ಸುತ್ತ ಜುಮುಜುಮು ಅನ್ನುತ್ತದೆ. ನಡಿಗೆ ತೂರಾಡುತ್ತದೆ. ಎದುರಿನದು ಕಂಡರೂ ಅಕ್ಕಪಕ್ಕದ್ದು ಕಾಣದ ಹಾಗೆ ದೃಷ್ಟಿ ಕಿರಿದಾಗುತ್ತದೆ. ಮನೆಯಲ್ಲಿ ವಾರಕ್ಕೆರಡು ಸಾರಿ ಅಂಜಲ್ ತಿನ್ನುವವರಿಗೆಲ್ಲ ಇಷ್ಟು ಆಗುವುದಿಲ್ಲ. ತೊಡಕು ಇರುವುದು ಬಸುರಿಯ ವಿಷಯದಲ್ಲಿ: ತಾಯಿಗೆ ಏನೂ ಅನ್ನಿಸದ ಪ್ರಮಾಣದಲ್ಲೂ ಕೂಸಿನ ಮಿದುಳಿನ ಬೆಳವಣಿಗೆಗೆ ಪೆಟ್ಟಾಗಬಹುದು. ಲಕ್ಷಣ ಬರಲಿ, ನೋಡೋಣ ಅಂತ ಕಾಯುವುದರಲ್ಲಿ ಅರ್ಥವಿಲ್ಲ.

ಇಷ್ಟು ದಿನ ವಾರಕ್ಕೆ ಮೂರ್ನಾಲ್ಕು ಸಾರಿ ಮೂರನೆಯ ಗುಂಪಿನ ಮೀನು ತಿಂದಿದ್ದರೆ, ಈಗ ಬಸಿರು ನಿಂತಿದ್ದರೆ, ಡಾಕ್ಟರ ಹತ್ತಿರ ಹೇಳಿ ರಕ್ತದ ಪಾದರಸ ಪರೀಕ್ಷೆ ಮಾಡಿಸಬಹುದು. ಮೂತ್ರದ ಪರೀಕ್ಷೆ ಈ ಕೆಲಸಕ್ಕೆ ಬರುವುದಿಲ್ಲ, ಮೀನಿನ ಪಾದರಸ ಬಹುಪಾಲು ಹೊರಹೋಗುವುದು ಮಲದಲ್ಲಿ. ಲೋಹದ ಪರೀಕ್ಷೆಗೆ ಬೇರೆ ತರದ ಶುದ್ಧ ಟ್ಯೂಬಿನಲ್ಲೇ ರಕ್ತ ತೆಗೆಯಬೇಕು. ಸಾಮಾನ್ಯವಾಗಿ ಅದರ ಮುಚ್ಚಳ ಕಡುನೀಲಿ. ಶಿವಮೊಗ್ಗದ ಲ್ಯಾಬುಗಳಲ್ಲಿ ರಕ್ತ ಕೊಡುವ ಮುಂಚೆ ಆ ಟ್ಯೂಬು ಇದೆಯಾ ಅಂತ ಫೋನು ಮಾಡಿ ಕೇಳಿ, ಸುಮ್ನೆ ಓಡಾಟ ತಪ್ಪುತ್ತದೆ.

ಬಸುರಿಗೆ ಒಂದು ಲೀಟರ್ ರಕ್ತದಲ್ಲಿ 5.8 ಮೈಕ್ರೋಗ್ರಾಂ ದಾಟಬಾರದು ಎನ್ನುವುದು ಸಾಮಾನ್ಯವಾಗಿ ಹಿಡಿಯುವ ಗೆರೆ. ದಾಟಿದ್ದರೆ ಮೈಯಿಂದ ಪಾದರಸ ತೆಗೆಯುತ್ತೇವೆ ಎನ್ನುವ ಪುಡಿ, ಡ್ರಿಪ್ಪು ಯಾವುದಕ್ಕೂ ಕೈಹಾಕಬೇಡಿ. ಎರಡನೆಯ, ಮೂರನೆಯ ಗುಂಪಿನ ಮೀನು ಪೂರ್ತಿ ನಿಲ್ಲಿಸಿ, ಬೂತಾಯಿ, ಸಿಗಡಿ, ಕೆರೆ ಮೀನು ಮುಂದುವರಿಸಿ, ಎರಡು ತಿಂಗಳ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಕಾರಣ ಮೀನೇ ಆಗಿದ್ದರೆ ಅಂಕಿ ಅರ್ಧಕ್ಕೆ ಹತ್ತಿರ ಇಳಿದಿರಬೇಕು. ಇಳಿಯದಿದ್ದರೆ ಪಾದರಸ ಬೇರೆ ಕಡೆಯಿಂದ ಬರುತ್ತಿದೆ. ಮುಖ ಬೆಳ್ಳಗಾಗಲು ಹಚ್ಚುವ ಕ್ರೀಮು, ಪಾದರಸ ಸೇರಿಸಿ ಮಾಡಿದ ರಸೌಷಧಿ ಏನಾದರೂ ಮನೆಯಲ್ಲಿದ್ದರೆ ಅದನ್ನು ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. ಆ ಪಾದರಸ ರಕ್ತಕ್ಕಿಂತ ಮೂತ್ರದಲ್ಲಿ ಚೆನ್ನಾಗಿ ಕಾಣುತ್ತದೆ, ಆಗ ಮಾಡಿಸಬೇಕಾದ್ದು ಮೂತ್ರದ ಪರೀಕ್ಷೆ.